ಸಿಂಗಾಪುರದ ಬಿಲ್ಲಿಗೆ ಪುತ್ತೂರಿನ ನೋಟೀಸು

ಪುತ್ತೂರಿನಲ್ಲಿ ನಮ್ಮದೊಂದು ಸಣ್ಣ ಪ್ಯಾಕೇಜಿಂಗ್ ಪ್ರೆಸ್ಸು. ಸುಳ್ಯ, ಕಡಬದಿಂದ ಹಾಳೆತಟ್ಟೆಯ ಪೊಟ್ಟಣ, ಜೇನಿನ ಬಾಟ್ಲಿಯ ಲೇಬಲ್ಲು ಹೀಗೆ ಆರ್ಡರ್ ಬರುವುದುಂಟು. 2021ರ ಜೂನ್‌ನಲ್ಲಿ ಪ್ರಿಂಟಿಂಗ್‌ಗೆ ಬೇಕಾದ ಒಂದು ಸಾಫ್ಟ್‌ವೇರನ್ನು ಸಿಂಗಾಪುರದ ಕಂಪೆನಿಯಿಂದ ತರಿಸಿದೆವು. ಲೈಸೆನ್ಸಿಗೆ 3,60,000, ನಮ್ಮ ಹುಡುಗರಿಗೆ ಕಲಿಸಿಕೊಟ್ಟದ್ದಕ್ಕೆ 40,000. ಬ್ಯಾಂಕಿನವರು 15ಸಿಎ ಫಾರಂ ಕೇಳಿದರು. 'ತೆರಿಗೆ ಬರುವುದಿಲ್ಲ' ಎಂಬ ಭಾಗ ಡಿ ತುಂಬಿಸಿ ಕೊಟ್ಟವನು ನಾನೇ. ಯಾಕೆ ಬರುವುದಿಲ್ಲ ಅಂತ ಯಾರಾದ್ರೂ ಕೇಳಿದ್ದರೆ ಬಾಯಿ ಕಟ್ಟುತ್ತಿತ್ತು.

ಎರಡು ವರ್ಷದ ಮೇಲೆ ಇಲಾಖೆ ಕೇಳಿಯೇ ಬಿಟ್ಟಿತು. ಸೆಕ್ಷನ್ 195ರಂತೆ ಟಿಡಿಎಸ್ ಕಡಿದಿಲ್ಲ, 201ರಂತೆ ನಿಮ್ಮನ್ನೇ ಬಾಕಿದಾರರೆಂದು ಯಾಕೆ ಪರಿಗಣಿಸಬಾರದು? ಹತ್ತು ಶೇಕಡಾ ಅಂದರೆ 40,000, ತಿಂಗಳಿಗೆ ಒಂದು ಶೇಕಡಾದ ಬಡ್ಡಿ 24 ತಿಂಗಳಿಗೆ 9,600. ಅದಕ್ಕಿಂತ ದೊಡ್ಡ ಹೆದರಿಕೆ ಬೇರೆ ಇತ್ತು: ಇಡೀ ಖರ್ಚನ್ನೇ ಲೆಕ್ಕದಿಂದ ತೆಗೆದು ಹಾಕಬಹುದು.

"ಎಂತ ಮಾರಾಯ, ಎಗ್ರಿಮೆಂಟ್ ಓದಿದ್ದೀಯಾ?" ಅಂತ ನಮ್ಮ ಆಡಿಟರ್ ಕೇಳಿದರು. ಓದಿರಲಿಲ್ಲ. 'ಐ ಎಗ್ರೀ' ಒತ್ತುವ ಮೊದಲು ಓದುವವರು ನಿಮ್ಮಲ್ಲಿ ಯಾರಾದ್ರೂ ಉಂಟಾ?

ಇಬ್ಬರೂ ಕೂತು ಓದಿದೆವು. ನಾವು ಬಳಸಬಹುದು, ಒಂದು ಬ್ಯಾಕಪ್ ಇಟ್ಟುಕೊಳ್ಳಬಹುದು. ಪ್ರತಿ ಮಾಡಿ ಮಾರುವಂತಿಲ್ಲ, ಬೇರೆಯವರಿಗೆ ಕೊಡುವಂತಿಲ್ಲ, ಸೋರ್ಸ್ ಕೋಡ್ ಕೈಗೆ ಬರುವುದಿಲ್ಲ. ಉಳಿಯುವ ದಾರಿ ಇದ್ದದ್ದು ಅಲ್ಲಿಯೇ. ಅಂಗಡಿಯಿಂದ ಪುಸ್ತಕ ತಂದರೆ ಅದನ್ನು ಅಚ್ಚು ಹಾಕಿಸುವ ಹಕ್ಕು ನಮಗೆ ಬಂದಂತಲ್ಲವಲ್ಲ, ಹಾಗೆ. 2011ರಲ್ಲಿ ಸ್ಯಾಮ್‌ಸಂಗ್ ಪ್ರಕರಣದಲ್ಲಿ ಕರ್ನಾಟಕ ಹೈಕೋರ್ಟ್ ಇಂಥ ಹಣವೂ ರಾಯಲ್ಟಿಯೇ ಎಂದಿತ್ತು. ಬೆಂಗಳೂರಿನ ಇಂಜಿನಿಯರಿಂಗ್ ಅನಾಲಿಸಿಸ್ ಸೆಂಟರ್ ಆಫ್ ಎಕ್ಸಲೆನ್ಸ್ ಕಂಪೆನಿಯ ಪ್ರಕರಣದಲ್ಲಿ 2021ರ ಮಾರ್ಚ್ 2ರಂದು ಸುಪ್ರೀಂ ಕೋರ್ಟ್ ಅದನ್ನು ತಿರುಗಿಸಿತು: ಬಳಸಲಿಕ್ಕೆ ಮಾತ್ರ ಕೊಂಡರೆ ತೆರಿಗೆ ಒಪ್ಪಂದದ ಪ್ರಕಾರ ಅದು ರಾಯಲ್ಟಿ ಅಲ್ಲ, ಟಿಡಿಎಸ್ ಕಡಿಯಬೇಕಾಗಿಲ್ಲ.

ಆದರೆ ಒಪ್ಪಂದದ ನೆರಳು ಸಿಗಬೇಕಾದರೆ ಮಾರಿದವನು ನಿಜಕ್ಕೂ ಸಿಂಗಾಪುರದವನೇ ಎಂದು ತೋರಿಸಬೇಕು. ಅಲ್ಲಿನ ತೆರಿಗೆ ಇಲಾಖೆಯ ರೆಸಿಡೆನ್ಸಿ ಸರ್ಟಿಫಿಕೇಟ್, 10ಎಫ್ ಫಾರಂ, ಭಾರತದಲ್ಲಿ ಖಾಯಂ ಕಚೇರಿ ಇಲ್ಲವೆಂಬ ಪತ್ರ. ಈ ಮೂರು ಕಾಗದ ನನ್ನಲ್ಲಿ ಇರಲಿಲ್ಲ. ಹಣ ಕೊಟ್ಟಾದ ಮೇಲೆ ಇದನ್ನೆಲ್ಲ ಕೇಳಿದರೆ ಯಾರಿಗೆ ಅರ್ಜೆಂಟು? ಮೇಲ್ ಮೇಲೆ ಮೇಲ್ ಹಾಕಿದೆ. ಕೊನೆಗೆ ಮುಂದಿನ ವರ್ಷದ ರಿನೀವಲ್ ಬಿಲ್ಲು ತಡೆದು ಹಿಡಿದಾಗ ಕಾಗದ ಬಂತು. ಅಷ್ಟರಲ್ಲಿ ಒಮ್ಮೆ ವಾಯಿದೆ ಕೇಳಿಯಾಗಿತ್ತು.

ಕಲಿಸಿಕೊಟ್ಟ 40,000ದ ವಿಷಯದಲ್ಲಿ ಆಡಿಟರ್ ಜಗಳ ಬೇಡ ಎಂದರು. ಆ ತೀರ್ಪು ಲೈಸೆನ್ಸಿನದ್ದು, ತರಬೇತಿಯದ್ದಲ್ಲ. ಅದು ತಾಂತ್ರಿಕ ಸೇವೆ ಎನಿಸಿಕೊಳ್ಳಬಹುದು. ಒಪ್ಪಂದದ ದರದಲ್ಲಿ 4,000 ತೆರಿಗೆ, 960 ಬಡ್ಡಿ ನಮ್ಮ ಕೈಯಿಂದಲೇ ಕಟ್ಟಿ, 27ಕ್ಯೂ ರಿಟರ್ನ್ ಹಾಕಿ, ಚಲನ್ ಉತ್ತರದ ಜತೆ ಲಗತ್ತಿಸಿದೆವು. ತಪ್ಪಾದ ಕಡೆ ಒಪ್ಪಿಕೊಂಡದ್ದರಿಂದ ಉಳಿದ ವಾದಕ್ಕೆ ತೂಕ ಬಂತು ಅಂತ ನನ್ನ ಎಣಿಕೆ.

ಲೈಸೆನ್ಸಿನ ಮಟ್ಟಿಗೆ ನೋಟೀಸು ಕೈಬಿಟ್ಟರು. ಈಗ ಹೊರದೇಶದ ಬಿಲ್ಲು ಬಂದರೆ ಆ ಮೂರು ಕಾಗದ ಬರುವವರೆಗೆ ನಾನು ಬ್ಯಾಂಕಿನ ಮೆಟ್ಟಿಲು ಹತ್ತುವುದಿಲ್ಲ.