ಎಂಟರ್ ಒತ್ತಿದ್ದು ನಾನು, ದುಡ್ಡು ಹೊಂದಿಸಿದ್ದು ಅಕ್ಕ

ಇವತ್ತು ನನ್ನದೇ ಒಂದು ತಪ್ಪಿನ ಬಗ್ಗೆ ಬರೀತಿದ್ದೀನಿ.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ನಾಲ್ಕೂ ಕಡೆಯವರಿರೋ ವಾಟ್ಸಾಪ್ ಗ್ರೂಪ್ ನಮ್ಮದು. (ಜಿಲ್ಲೆಗೆ ಬೆಂಗಳೂರು ದಕ್ಷಿಣ ಅಂತ ಹೆಸರು ಬಂದ್ರೂ ಗ್ರೂಪ್ ಇನ್ನೂ ರಾಮನಗರವೇ.) ಮಾಗಡಿ ಕಡೆಯ ಒಬ್ಬ ಅಕ್ಕ ಜಾತಿನಿಂದನೆ ದೂರು ಕೊಡೋದು ಹೇಗೆ ಅಂತ ಕೇಳಿದ್ರು. ದೌರ್ಜನ್ಯ ತಡೆ ಕಾಯ್ದೆಯ 1995ರ ನಿಯಮಗಳಲ್ಲಿ 5ನೇದು ಸ್ಪಷ್ಟವಾಗಿದೆ: ಬಾಯಲ್ಲಿ ಹೇಳಿದ್ರೂ ಠಾಣೆಯವರು ಬರೆದುಕೊಂಡು ಓದಿ ಹೇಳಬೇಕು, ದಾಖಲಿಸಿದ್ದರ ಪ್ರತಿಯನ್ನ ಉಚಿತವಾಗಿ ಕೊಡಬೇಕು. 2018ರಲ್ಲಿ ಸೇರಿದ 18ಎ ಪ್ರಕಾರ ಎಫ್‌ಐಆರ್‌ಗೆ ಮೊದಲು ಪ್ರಾಥಮಿಕ ವಿಚಾರಣೆ ಬೇಕಿಲ್ಲ. ಇದನ್ನೇ ಚಿಕ್ಕದಾಗಿ ಉತ್ತರ ಬರೆದೆ.

ಬರೆಯುವಾಗ ಸಾಲಿನ ಕೊನೆಯಲ್ಲಿ ಖಾಲಿ ಜಾಗ ಉಳೀತಿತ್ತು, ನೋಡೋಕೆ ಚೆನ್ನಾಗಿಲ್ಲ ಅನಿಸ್ತು. ಅದಕ್ಕೆ ಎಂಟರ್ ಒತ್ತಿ ಒತ್ತಿ ಸಾಲು ಸರಿ ಮಾಡಿದೆ. ಒಂದು ಕಡೆ ಪದವನ್ನೇ ಮುರಿದೆ. ನನ್ನ ಫೋನಲ್ಲಿ ಅದು ಹೀಗಿತ್ತು:

```
ಪ್ರತಿಗೆ ದುಡ್ಡು ಕೊಡಬೇಕಾ
ಗಿಲ್ಲ. ಎಫ್‌ಐಆರ್ ಹಾಕೋಕೆ
ಮೊದಲು ಪ್ರಾಥಮಿಕ ವಿಚಾರಣೆ
ಬೇಕಿಲ್ಲ.
```

ಮಾರನೇ ದಿನ ಫೋನ್ ಮಾಡಿ, "ಹೋದ್ರಾ ಅಕ್ಕಾ?" ಅಂದೆ. "ಇಲ್ಲ ಕಣಪ್ಪ, ದುಡ್ಡು ಕೊಡಬೇಕಾ ಅಂತ ಬರೆದಿದ್ದೀಯಲ್ಲ, ಅಲ್ಲಿ ಕೇಳ್ತಾರೇನೋ ಅಂತ ಐನೂರು ಹೊಂದಿಸ್ತಾ ಇದೀನಿ" ಅಂದ್ರು. ನನಗೆ ಅರ್ಥವೇ ಆಗಲಿಲ್ಲ. ಆಮೇಲೆ ಅವರ ಮಗ ಅವರ ಫೋನಿನ ಸ್ಕ್ರೀನ್‌ಶಾಟ್ ಕಳಿಸಿದ. ಕಣ್ಣಿಗೆ ಕಾಣಲ್ಲ ಅಂತ ಅಕ್ಷರ ದೊಡ್ಡದು ಮಾಡಿಟ್ಟಿದ್ದಾರೆ. ನನ್ನ ಸಾಲಿಗೆ ಸುಮಾರು 13 ಅಕ್ಷರ ಹಿಡಿದ್ರೆ ಅವರದ್ದಕ್ಕೆ 10:

```
ಪ್ರತಿಗೆ ದುಡ್ಡು
ಕೊಡಬೇಕಾ
ಗಿಲ್ಲ. ಎಫ್‌ಐಆರ್
ಹಾಕೋಕೆ
ಮೊದಲು ಪ್ರಾಥಮಿಕ
ವಿಚಾರಣೆ
ಬೇಕಿಲ್ಲ.
```

ಆಗಿದ್ದು ಇಷ್ಟು. ಕನ್ನಡದಲ್ಲಿ ಫೋನು ಸಾಮಾನ್ಯವಾಗಿ ಎರಡು ಪದದ ನಡುವಿನ ಖಾಲಿ ಜಾಗದಲ್ಲಿ ಮಾತ್ರ ಸಾಲು ಮುರಿಯುತ್ತೆ. ಪೇಪರಿನ ಕಿರಿದಾದ ಕಾಲಮ್ಮಿನಲ್ಲಿ ಪದ ಮುರಿದು ಸಣ್ಣ ಗೆರೆ ಹಾಕ್ತಾರಲ್ಲ, ಮೆಸೇಜಲ್ಲಿ ಅದಾಗಲ್ಲ. ಪದ ಹಿಡಿಯದಿದ್ರೆ ಇಡಿಯಾಗಿ ಕೆಳಗಿನ ಸಾಲಿಗೆ ಇಳಿಸುತ್ತೆ. ನಮ್ಮ ಭಾಷೆಯೋ, ಬೇಕು, ಆಗು, ಇಲ್ಲ ಎಲ್ಲವನ್ನೂ ಕ್ರಿಯಾಪದದ ಬಾಲಕ್ಕೇ ಅಂಟಿಸುತ್ತೆ. ಪದ ಉದ್ದ, ಹಾಗಾಗಿ ಮೇಲಿನ ಸಾಲಲ್ಲಿ ಖಾಲಿ ಜಾಗ. ಅದು ತಪ್ಪಲ್ಲ, ಅದನ್ನ ಹಾಗೇ ಬಿಡಬೇಕಿತ್ತು.

ಫೋನು ತಾನಾಗಿ ಮುರಿದ ಸಾಲು ಪರದೆ ಬದಲಾದ್ರೆ ಮತ್ತೆ ಹೊಂದಿಕೊಳ್ಳುತ್ತೆ. ನಾನು ಒತ್ತಿದ ಎಂಟರ್ ಅಲ್ಲೇ ಕೂತಿರುತ್ತೆ. ಅಕ್ಕನ ಫೋನಲ್ಲಿ ನನ್ನ ಮೊದಲ ಮೂರು ಸಾಲಿಂದ ಒಂದೊಂದು ಪದ ಕೆಳಗೆ ಬಿತ್ತು. ಅದರ ಪಕ್ಕ ಜಾಗ ಇದ್ರೂ ಮುಂದಿನ ಪದ ಬರೋಕಾಗಲಿಲ್ಲ, ನಡುವೆ ನನ್ನ ಎಂಟರ್ ಇತ್ತಲ್ಲ. ಸುಮ್ಮನೆ ಬರೆದಿದ್ರೆ ಅದೇ 10 ಅಕ್ಷರದ ಪರದೆಯಲ್ಲಿ ಏಳರ ಬದಲು ಐದೇ ಸಾಲು:

```
ಪ್ರತಿಗೆ ದುಡ್ಡು
ಕೊಡಬೇಕಾಗಿಲ್ಲ.
ಎಫ್‌ಐಆರ್ ಹಾಕೋಕೆ
ಮೊದಲು ಪ್ರಾಥಮಿಕ
ವಿಚಾರಣೆ ಬೇಕಿಲ್ಲ.
```

ಇನ್ನು 'ಕೊಡಬೇಕಾ' ಒಂದು ಸಾಲಲ್ಲಿ ಒಂಟಿಯಾಗಿ ನಿಂತ್ರೆ ಅದು ಪ್ರಶ್ನೆ. 'ಇಲ್ಲ' ಅನ್ನೋದು ನಮ್ಮಲ್ಲಿ ಕೊನೆಗೆ ಬರೋದು, ಬಾಲ ಕತ್ತರಿಸಿದ್ರೆ ಹೋಗೋದು ಅದೇ.

ಪದದೊಳಗಿನ ಎಂಟರ್‌ನಿಂದ ಇನ್ನೂ ಒಂದು ತೊಂದರೆ ಇದೆ. 'ದೌರ್ಜನ್ಯ'ವನ್ನ ನಡುವೆ ಮುರಿದಿದ್ರೆ, ಆಮೇಲೆ ಗ್ರೂಪಲ್ಲಿ ಆ ಪದ ಹುಡುಕಿದ್ರೆ ಆ ಮೆಸೇಜ್ ಸಿಗಲ್ಲ, ಫೋನಿಗೆ ಅದು ಎರಡು ತುಂಡು. ಒತ್ತಕ್ಷರದ ನಡುವೆ ಒತ್ತಿದ್ರಂತೂ 'ಚನ್ನಪಟ್ಟಣ' ಹೋಗಿ ಒಂದು ಸಾಲಲ್ಲಿ 'ಚನ್ನಪಟ್', ಇನ್ನೊಂದರಲ್ಲಿ 'ಟಣ' ಆಗುತ್ತೆ.

ಫಾರ್ವರ್ಡ್ ಆಗಿ ಬಂದ ಮೆಸೇಜಲ್ಲಿ ಎಂಟರ್ ಇದೆಯಾ ಅಂತ ನೋಡೋಕೆ ಫೋನನ್ನ ಅಡ್ಡ ಹಿಡೀರಿ. ಅಗಲ ಹೆಚ್ಚಾದ್ರೂ ಸಾಲುಗಳು ಅಲ್ಲಲ್ಲೇ ಮುಗೀತಿದ್ರೆ ಯಾರೋ ಒತ್ತಿದ್ದಾರೆ ಅಂತ. ತೆಗೆಯುವಾಗ ಎರಡು ಪದದ ನಡುವಿನದಾದ್ರೆ ಅಲ್ಲಿ ಸ್ಪೇಸ್ ಬಿಡಿ, ಪದದೊಳಗಿನದಾದ್ರೆ ಏನೂ ಬಿಡದೆ ಕೂಡಿಸಿ. ಹಾಡು, ಘೋಷಣೆ, ಅಂಶ ಅಂಶವಾಗಿ ಹೇಳೋದು, ಹೊಸ ಪ್ಯಾರಾ ಇವಕ್ಕೆಲ್ಲ ಎಂಟರ್ ಬೇಕೇ ಬೇಕು. ಬೇಡ ಅಂತಿರೋದು ಅಂದಕ್ಕೆ ಒತ್ತೋದನ್ನ.

ಅವತ್ತೇ ಎಂಟರ್ ತೆಗೆದು ಮತ್ತೆ ಕಳಿಸಿದೆ. ಅಕ್ಕ ಮರುದಿನ ಠಾಣೆಗೆ ಹೋಗಿ ದೂರು ಕೊಟ್ಟು ಪ್ರತಿ ತಂದ್ರು, ದುಡ್ಡು ಯಾರೂ ಕೇಳಲಿಲ್ಲ. ಆದ್ರೆ ನನ್ನ ಹಳೇ ಮೆಸೇಜ್ ಆಗಲೇ ಕನಕಪುರದ ಎರಡು ಗ್ರೂಪಿಗೆ ಹೋಗಿತ್ತು. ನಿಮಗೆ 'ಗಿಲ್ಲ' ಅಂತ ಶುರುವಾಗೋ ಸಾಲು ಬಂದಿದ್ರೆ ಅದು ನನ್ನದೇ, ಮುಂದೆ ಕಳಿಸಬೇಡಿ.