ಕರಾರು ಸಾಹೇಬರದು, ಮಾತು ಸೇಲ್ಸ್‌ನವರದು

ಹುಬ್ಬಳ್ಳಿಯ ಗೋಕುಲ ರಸ್ತೆಯ ಆಸುಪಾಸು ವಾಲ್ವ್ ತಯಾರಿಸುವವರು ಬಹಳ. ದೊಡ್ಡ ಗಿರಾಕಿಯೊಬ್ಬ ಡ್ರಾಯಿಂಗ್ ಕೊಡಬೇಕೆಂದರೆ ಮೊದಲು ಎನ್‌ಡಿಎ ಆಗಬೇಕು ಎನ್ನುತ್ತಾನೆ. ನಿನ್ನ ಗುಟ್ಟು ನಾನು ಕಾಯುತ್ತೇನೆ, ನನ್ನದು ನೀನು ಕಾಯಿ ಎಂಬ ಪರಸ್ಪರ ಕರಾರು ಅದು. ಸಹಿ ಹಾಕುವವರು ಸಾಹೇಬರು, ಊರೂರು ತಿರುಗಿ ಮಾತಾಡುವವರು ಸೇಲ್ಸ್‌ನವರು. ಕರಾರಿನ ಇಂಗ್ಲಿಷ್ ಪುಟಗಳನ್ನು ಅವರಿಗಾಗಿ ಒಂದೇ ಹಾಳೆಗೆ ಇಳಿಸುವಾಗ ಕಲಮುಗಳ ಕ್ರಮ ಹಿಡಿಯಬಾರದು, ಅವರಿಗೆ ಎದುರಾಗುವ ಪ್ರಶ್ನೆಗಳ ಕ್ರಮ ಹಿಡಿಯಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಅವರು ಮೊದಲು ಕೇಳುವುದೇ ಇದು: “ಅಲ್ರೀ ಸರ, ನಮ್ಮ ರೇಟ್ ನಾವ ಹೇಳಾಕ ಬರೂದಿಲ್ಲೇನ್ರಿ?” ಬರುತ್ತದೆ. ಕರಾರು ಕಟ್ಟಿಹಾಕುವುದು ಗುಟ್ಟು ಪಡೆದವನನ್ನು; ನಮ್ಮ ಕ್ಯಾಟಲಾಗು, ನಮ್ಮ ಮಾಮೂಲಿ ದರ ನಮ್ಮವೇ. ಆದರೆ ಎಷ್ಟೋ ಕರಾರುಗಳಲ್ಲಿ ‘ಮಾತುಕತೆ ನಡೆದಿದೆ ಎಂಬುದೂ, ಅದರ ಷರತ್ತುಗಳೂ ಗುಟ್ಟು’ ಎಂಬ ಸಾಲು ವ್ಯಾಖ್ಯೆಯ ನಡುವೆ ಅಡಗಿರುತ್ತದೆ. ಅದಿದ್ದರೆ ಈ ಗಿರಾಕಿಗೆ ಕೊಟ್ಟ ವಿಶೇಷ ದರವೂ ಬಾಯಿಗೆ ಬರಬಾರದು, “ಅವರಿಗೂ ನಾವೇ ಮಾಡಿಕೊಡ್ತೀವ್ರಿ” ಎಂದು ಮುಂದಿನ ಗಿರಾಕಿಯ ಎದುರು ಹೆಸರೂ ಹೇಳಬಾರದು. ಸೇಲ್ಸ್‌ನವರು ಅತಿ ಸಹಜವಾಗಿ ಆಡುವ ಮಾತೇ ಇದು. ಆದ್ದರಿಂದ ಹಾಳೆಯ ಮೇಲ್ತುದಿಯಲ್ಲಿ ಇದೇ ಇರಲಿ, ಪಕ್ಕದಲ್ಲಿ ಕಲಮಿನ ಸಂಖ್ಯೆಯೂ ಇರಲಿ.

ಇನ್ನೊಂದು ಸಂದರ್ಭ ನೋಡಿ. ಕ್ವೊಟೇಶನ್ ಬೇಗ ಕಳಿಸಬೇಕೆಂದು ಗಿರಾಕಿಯ ಡ್ರಾಯಿಂಗನ್ನು ಬೆಳಗಾವಿಯ ಫೌಂಡ್ರಿಗೆ ವಾಟ್ಸಾಪ್ ಮಾಡುತ್ತಾರೆ. ಕೆಲಸಕ್ಕೇ ಕೊಟ್ಟದ್ದು, ಕೆಟ್ಟ ಉದ್ದೇಶವೇನಿಲ್ಲ. ಆದರೂ ‘ತಿಳಿದಿರಬೇಕಾದ ನೌಕರರಿಗೆ ಮಾತ್ರ’ ಎಂದು ಕರಾರಿನಲ್ಲಿದ್ದರೆ ಫೌಂಡ್ರಿಯವರು ನೌಕರರಲ್ಲ. ಇಲ್ಲಿ ಸಾರಾಂಶ ಬರೆಯುವವರು ‘ಹೊರಗಿನವರಿಗೆ ಕೊಡಬೇಡಿ’ ಎಂದಷ್ಟೇ ಬರೆದರೆ ಕೆಲಸ ನಿಲ್ಲುತ್ತದೆ. ‘ಗಿರಾಕಿಯ ಲಿಖಿತ ಒಪ್ಪಿಗೆ ಬಂದ ಮೇಲೆ, ಫೌಂಡ್ರಿಯಿಂದಲೂ ಇಂಥದೇ ಸಹಿ ಪಡೆದು ಕೊಡಿ’ ಎಂದು ಷರತ್ತನ್ನು ಉಳಿಸಿಕೊಂಡು ಬರೆಯಬೇಕು; ಆ ದಾರಿ ಕರಾರಿನಲ್ಲಿ ಇದ್ದರೆ ಮಾತ್ರ.

ಬಾಯಿಮಾತಿನದು ಇನ್ನೂ ಸೂಕ್ಷ್ಮ. ಕಾರ್ಖಾನೆ ನೋಡಲು ಬಂದ ಗಿರಾಕಿ ಚಹಾ ಕುಡಿಯುತ್ತ ಹೊಸ ಘಟಕದ ಸುದ್ದಿ ಹೇಳುತ್ತಾನೆ. ಬಾಯಲ್ಲಿ ಹೇಳಿದ್ದನ್ನು 30 ದಿನದೊಳಗೆ ಬರವಣಿಗೆಯಲ್ಲಿ ಖಚಿತಪಡಿಸಿದರೆ ಮಾತ್ರ ಗುಟ್ಟು ಎಂದು ಕೆಲವು ಕರಾರು ಹೇಳುತ್ತವೆ. ಪತ್ರ ಬರಲಿಲ್ಲವೆಂದು 31ನೇ ದಿನ ಸುದ್ದಿ ಹಂಚುವ ನಿರ್ಧಾರ ಸೇಲ್ಸ್‌ನವರದಾಗಬಾರದು. ‘ಮೊದಲು ಆಫೀಸಿಗೆ ಕೇಳಿ’ ಎಂಬ ಸಾಲು ಅಲ್ಲಿ ಬೇಕೇ ಬೇಕು. ಪತ್ರಿಕೆಯಲ್ಲಿ ಬಂದ ಸುದ್ದಿಯ ವಿಷಯದಲ್ಲೂ ಬಂದಷ್ಟನ್ನೇ ಹೇಳಬಹುದು, ನಮಗೆ ಗೊತ್ತಿರುವ ಉಳಿದದ್ದನ್ನು ಸೇರಿಸುವಂತಿಲ್ಲ.

ಹಾಳೆಯ ಕೆಳಗೆ ಎರಡು ತಾರೀಖು ಬರೆಯಿರಿ: ಕರಾರು ಮುಗಿಯುವುದು ಎಂದು, ಗುಟ್ಟು ಕಾಯುವ ಹೊಣೆ ಮುಗಿಯುವುದು ಎಂದು. ಕರಾರು 2 ವರ್ಷಕ್ಕೆ ಮುಗಿದರೂ ಹೊಣೆ ಅದರಾಚೆ ಇನ್ನೂ 3 ವರ್ಷ ಉಳಿಯುವಂತೆ ಬರೆದಿರಬಹುದು. ಒಂದೇ ತಾರೀಖು ಕಂಡ ಹುಡುಗ ಹಳೆಯ ಡ್ರಾಯಿಂಗನ್ನು ಸ್ಯಾಂಪಲ್ ಎಂದು ಇನ್ನೊಬ್ಬರಿಗೆ ತೋರಿಸುವುದು ಆ ನಡುವಿನ ವರ್ಷಗಳಲ್ಲೇ.