ಕುಸಿಯುವ ಪಾದದ ಕಮಾನು

ಬಂಟ್ವಾಳದ ಗೃಹಿಣಿಯೋರ್ವಳ ತವರುಮನೆಯು ಬೆಳ್ತಂಗಡಿಯ ಕಡೆಯ ಗುಡ್ಡದ ಮೇಲಿರುವುದು. ಅಡಿಕೆ ಕೊಯ್ಲಿನ ದಿನಗಳಲ್ಲಿ ತಮ್ಮನ ಮನೆಗೆ ನೆರವಾಗಲೆಂದು ಹೋದ ಆಕೆಯು ತೋಟಕ್ಕೂ ಅಂಗಳಕ್ಕೂ ನಡುವಣ ಮುರಕಲ್ಲಿನ ಮೆಟ್ಟಿಲುಗಳನ್ನು ದಿನಕ್ಕೆ ಹತ್ತಾರು ಸಲ ಹತ್ತಿ ಇಳಿದಳು. ಆಗ ವಯಸ್ಸು 52. ಮೈ ಸ್ವಲ್ಪ ಸ್ಥೂಲ. ಜಾರಲಿಲ್ಲ, ಬೀಳಲಿಲ್ಲ; ಆದರೂ ಬಲಗಾಲಿನ ಮಣಿಗಂಟಿನ ಒಳಪಕ್ಕದ ಎಲುಬಿನ ಉಬ್ಬಿನ ಹಿಂದೆ ನೋವೂ ಸಣ್ಣ ಬಾವೂ ಕಾಣಿಸಿಕೊಂಡವು. ಉಳುಕೆಂದು ತಿಳಿದು ಎಣ್ಣೆ ಹಚ್ಚಿ ನೀವಿಸಿಕೊಂಡದ್ದಾಯಿತು. ನಡೆದರೆ ಸಡಿಲವಾದೀತೆಂದು ಕೆಲವರು ಹೇಳಲು, ನಡೆದದ್ದೂ ಆಯಿತು. ನಡೆದಷ್ಟೂ ನೋವು ಬೆಳೆಯಿತು.

ಉಳುಕಿನ ನೋವು ಬಹುಮಟ್ಟಿಗೆ ಹೊರಪಕ್ಕದಲ್ಲಿರುವುದು. ಅದಕ್ಕೆ ಕಾಲು ಮಗುಚಿದ ಗಳಿಗೆಯೊಂದಿರುವುದು. ಇಲ್ಲಿ ಎರಡೂ ಇರಲಿಲ್ಲ. ಮೀನಖಂಡದ ಆಳದಲ್ಲಿ ಹುಟ್ಟುವ ಒಂದು ಸ್ನಾಯುವಿನ ರಜ್ಜುವು ಒಳಪಕ್ಕದ ಉಬ್ಬಿನ ಹಿಂದುಗಡೆಯಿಂದ ಬಾಗಿ ಬಂದು, ಅಂಗಾಲಿನ ಕಮಾನಿನ ನಡುವೆ ದೋಣಿಯಂತಿರುವ ಎಲುಬನ್ನು ಮುಖ್ಯವಾಗಿ ಹಿಡಿದುಕೊಂಡಿರುವುದು. ವೈದ್ಯರು ಇದನ್ನು ಪೋಸ್ಟೀರಿಯರ್ ಟಿಬಿಯಲ್ ಟೆಂಡನ್ ಎಂದು ಕರೆಯುವರು. ಹೆಜ್ಜೆ ಇಡುವಾಗ ಕಮಾನು ಕುಸಿಯದಂತೆ ತಡೆಯುವುದೂ, ಹಿಮ್ಮಡಿ ಏಳುವಾಗ ಪಾದವನ್ನು ಗಟ್ಟಿಯಾದ ಸನ್ನೆಕೋಲನ್ನಾಗಿ ಮಾಡುವುದೂ ಇದರ ಕೆಲಸ. ಉಬ್ಬಿನ ಹಿಂದೆ ಬಾಗುವೆಡೆಯಲ್ಲಿ ಇದಕ್ಕೆ ರಕ್ತದ ಪೂರೈಕೆ ಕಡಿಮೆ. ತೇಯುವುದು ಹೆಚ್ಚಾಗಿ ಅಲ್ಲಿಯೇ. ನಾಲ್ವತ್ತು ದಾಟಿದ ಸ್ತ್ರೀಯರಲ್ಲಿ, ಅದರಲ್ಲಿಯೂ ಮೈತೂಕ, ಸಿಹಿಮೂತ್ರ ಅಥವಾ ರಕ್ತದ ಒತ್ತಡ ಹೆಚ್ಚಿದ್ದವರಲ್ಲಿ ಈ ಬಾಧೆಯು ಹೆಚ್ಚಾಗಿ ಕಂಡುಬರುವುದು. ತೇದ ರಜ್ಜುವು ಹಿಗ್ಗಿದ ಹಗ್ಗದಂತೆ ಉದ್ದವಾದಾಗ ಕಮಾನಿನ ಭಾರವೆಲ್ಲ ಕೆಳಗಿನ ಕಟ್ಟುಗಳ ಮೇಲೆ ಬೀಳುವುದು. ಕಾಲಕ್ರಮದಲ್ಲಿ ಅವೂ ಸಡಿಲುವವು.

ಆರು ತಿಂಗಳ ಬಳಿಕ ಆಕೆಯು ಮೂಡಬಿದ್ರೆಯಲ್ಲಿರುವ ಮಗಳ ಮನೆಗೆ ಹೋದಳು. ಬಚ್ಚಲಿನಿಂದ ಬಂದವಳ ಒದ್ದೆ ಹೆಜ್ಜೆಗಳು ನೆಲದ ಮೇಲೆ ಮೂಡಿದ್ದವು. ಎಡಪಾದದ ಗುರುತಿನ ಒಳಬದಿಯಲ್ಲಿ ಎಂದಿನ ಬಾಗು ಇತ್ತು. ಬಲಪಾದದ್ದು ಇಡಿಯಾಗಿ ಒತ್ತಿತ್ತು.

“ಅಮ್ಮಾ, ನಿನ್ನ ಬಲಗಾಲು ಹೊರಕ್ಕೆ ತಿರುಗಿದೆಯಲ್ಲ! ಹಿಂದಿನಿಂದ ನೋಡಿದರೆ ಈ ಕಾಲಿನ ಬೆರಳುಗಳೇ ಹೆಚ್ಚು ಕಾಣುತ್ತವೆ,” ಎಂದಳು ಮಗಳು.

ಮರುದಿನ ಎಲುಬಿನ ವೈದ್ಯರು ಮೊದಲು ನೋಡಿದ್ದೂ ಅದನ್ನೇ. ಬಳಿಕ ಗೋಡೆಗೆ ಕೈಯಾನಿಸಿ ಒಂದೊಂದೇ ಕಾಲಿನ ಮೇಲೆ ನಿಂತು ಹಿಮ್ಮಡಿಯೆತ್ತುವಂತೆ ಹೇಳಿದರು. ಎಡಗಾಲಿನಲ್ಲಿ ಹಿಮ್ಮಡಿ ಎದ್ದು ಒಳಕ್ಕೆ ತಿರುಗಿತು. ಬಲಗಾಲಿನಲ್ಲಿ ಅದು ನೆಲವನ್ನು ಬಿಡಲೇ ಇಲ್ಲ. ತರುವಾಯ ಅವರು ಬಲ ಹಿಮ್ಮಡಿಯನ್ನು ಕೈಯಿಂದ ಹಿಡಿದು ನೆಟ್ಟಗೆ ಮಾಡಿ ನೋಡಿದರು, ಅದು ನೆಟ್ಟಗಾಯಿತು. ಆಕೆಯ ಮುಂದಿನ ನಡಿಗೆಯೆಲ್ಲವೂ ಈ ಒಂದು ಸಂಗತಿಯ ಮೇಲೆ ನಿಂತಿತ್ತು.

ಜಾನ್ಸನ್ ಮತ್ತು ಸ್ಟ್ರೋಮ್ ಎಂಬಿಬ್ಬರು 1989ರಲ್ಲಿ ಈ ವ್ಯಾಧಿಯನ್ನು ಮೂರು ಹಂತಗಳಾಗಿ ವಿಂಗಡಿಸಿದರು. ಮೊದಲನೆಯದರಲ್ಲಿ ನೋವು ಮತ್ತು ಬಾವು ಮಾತ್ರ, ಕಮಾನು ಸುರಕ್ಷಿತ. ಎರಡನೆಯದರಲ್ಲಿ ಕಮಾನು ಕುಸಿದಿದ್ದರೂ ಪಾದವು ಮೃದುವಾಗಿದ್ದು ಕೈಗೆ ಬಾಗುವುದು. ಮೂರನೆಯದರಲ್ಲಿ ಕೀಲುಗಳು ಬಿಗಿದು, ವಕ್ರತೆಯು ಹಾಗೆಯೇ ನಿಂತುಬಿಡುವುದು. ಆಗ ಆಧಾರ ಕೊಡಬಹುದಲ್ಲದೆ ನೆಟ್ಟಗೆ ಮಾಡಲಾಗದು, ಶಸ್ತ್ರಕ್ರಿಯೆಯೆಂದರೆ ಸಾಮಾನ್ಯವಾಗಿ ಕೀಲುಗಳನ್ನು ಬೆಸೆಯುವುದೇ. ಆಕೆಯು ಎರಡನೆಯ ಹಂತದಲ್ಲಿದ್ದಳು.

ಆರು ವಾರ ಮೊಣಕಾಲಿನ ಕೆಳಗಿನವರೆಗೆ ಬರುವ ಗಟ್ಟಿ ಬೂಟನ್ನು ಧರಿಸಿ ರಜ್ಜುವಿಗೆ ವಿಶ್ರಾಂತಿ ಕೊಡಬೇಕೆಂದು ವೈದ್ಯರು ವಿಧಿಸಿದರು. ನೋವಿಗೆ ಒಂದು ಸೂಜಿಮದ್ದು ಸಾಲದೇ ಎಂದು ಆಕೆ ಕೇಳಿದಳು. ಸ್ಟೀರಾಯ್ಡನ್ನು ಅಲ್ಲಿ ಚುಚ್ಚಿದರೆ ನೋವಡಗಿದರೂ ಸವೆದ ರಜ್ಜುವು ಹರಿದುಹೋಗಬಹುದೆಂದು ಅವರು ಒಪ್ಪಲಿಲ್ಲ. ಬೂಟು ಕಳಚಿದ ಬಳಿಕ ಕಮಾನನ್ನು ಎತ್ತಿ ಹಿಡಿದು ಹಿಮ್ಮಡಿಯ ಒಳಬದಿಗೆ ಆಸರೆ ಕೊಡುವ ಒಳಅಟ್ಟೆ, ಗಟ್ಟಿ ಹಿಂಬದಿಯ ಪಾದರಕ್ಷೆ, ರಬ್ಬರಿನ ಪಟ್ಟಿಯನ್ನೆಳೆದು ಪಾದವನ್ನು ಒಳಕ್ಕೆ ತಿರುಗಿಸಿ ಮೆಲ್ಲನೆ ಹಿಂದಕ್ಕೆ ಬಿಡುವ ವ್ಯಾಯಾಮ, ಮೀನಖಂಡವನ್ನು ಹಿಗ್ಗಿಸುವ ಅಭ್ಯಾಸ ಇವು ಬಂದವು.

ಕಷ್ಟವಾದುದು ವ್ಯಾಯಾಮವಲ್ಲ, ಪಾದರಕ್ಷೆ. ಮನೆಯೊಳಗೆ ಬರಿಗಾಲಿನಲ್ಲಿರುವುದು ನಮ್ಮ ಕಡೆಯ ರೂಢಿ; ಅಡುಗೆಮನೆಯಲ್ಲಿ ಚಪ್ಪಲಿಯೆಂದರೆ ಅತ್ತೆಯವರ ಹುಬ್ಬು ಗಂಟಿಕ್ಕುವುದು. ಹೊರಗೆ ಒಂದು ಗಂಟೆ ಬೂಟು ಹಾಕಿ, ಒಳಗೆ ಹತ್ತು ಗಂಟೆ ಬರಿಗಾಲಿನಲ್ಲಿ ನಿಂತರೆ ಆಸರೆಯ ಫಲವು ಕರಗಿಹೋಗುವುದು. ಕಡೆಗೆ ಒಳಗಿನ ಬಳಕೆಗೆಂದೇ ಪ್ರತ್ಯೇಕವಾದ ಒಂದು ಜೊತೆಯನ್ನು ಇಟ್ಟುಕೊಳ್ಳುವುದೆಂದು ಅತ್ತೆಯವರೇ ತೀರ್ಪಿತ್ತರು.

ವರ್ಷವೊಂದು ಕಳೆದಾಗ ನೋವು ಬಹಳ ಇಳಿದಿತ್ತು. ಗೋಡೆ ಹಿಡಿದು ಬಲ ಹಿಮ್ಮಡಿಯನ್ನು ಐದಾರು ಸಲ ಎತ್ತುವಷ್ಟು ಬಲ ಬಂದಿತ್ತು. ಕಮಾನು ಮಾತ್ರ ಮೊದಲಿನಂತಾಗಲಿಲ್ಲ. ಒಳಅಟ್ಟೆಯು ಅದನ್ನು ಹಿಡಿದು ನಿಲ್ಲಿಸುವುದೇ ಹೊರತು ಮರಳಿ ಕಟ್ಟಲಾರದು. ಇನ್ನು ನೋವು ಒಳಪಕ್ಕದಿಂದ ಹೊರಪಕ್ಕದ ಉಬ್ಬಿನ ಕೆಳಗೆ ಸರಿದರೆ ಕೂಡಲೆ ಬರಬೇಕೆಂದು ವೈದ್ಯರು ಹೇಳಿದ್ದಾರೆ. ಅದು ಪಾದವು ಮತ್ತಷ್ಟು ಹೊರವಾಲಿ ಅಲ್ಲಿಯ ಎಲುಬುಗಳು ಒಂದಕ್ಕೊಂದು ಒತ್ತುತ್ತಿರುವುದರ ಕುರುಹು. ನೋವು ತಾನಾಗಿ ಸ್ಥಳ ಬದಲಿಸಿದ್ದನ್ನು ವಾಸಿಯೆಂದೆಣಿಸಿ ಸುಮ್ಮನಿರುವವರೇ ಹೆಚ್ಚು.